ಪೋಟಾ, ದಿಲ್, ಗರ್ದನ್: ಮೂರಕ್ಕೂ ಒಂದೇ ಸೀಟಿ ಲೆಕ್ಕ ಯಾಕೆ ಆಗಲ್ಲ, ಯಾವುದರಲ್ಲಿ ಏನಿದೆ

ಪ್ರಶ್ನೆ: ಸರ್, ನಾವು ಗದಗ ಕಡೆಯವರು, ಈಗ ಪುಣೆ ಹಡಪಸರದಲ್ಲಿ ಇರೋದು. ಇಲ್ಲಿ ಚಿಕನ್ ಅಂಗಡಿಯವ ಪೋಟಾ, ದಿಲ್, ಗರ್ದನ್ ಮಿಕ್ಸ್ ಮಾಡಿ ಕಮ್ಮಿ ರೇಟಿಗೆ ಕೊಡ್ತಾನೆ. ಅರ್ಧ ಕೆಜಿ ತಂದು ಎಲ್ಲಾ ಒಟ್ಟಿಗೆ ಕುಕ್ಕರ್‌ಗೆ ಹಾಕಿ ನಾಲ್ಕು ಸೀಟಿ ಹೊಡೆಸಿದೆ. ಪೋಟಾ ರಬ್ಬರ್ ಆಯ್ತು, ದಿಲ್ ಒಣಒಣ ಗಟ್ಟಿ, ಗರ್ದನ್ ಮಾತ್ರ ಚೆನ್ನಾಗಿತ್ತು. ಇವು ಮೂರೂ ಏನು, ಯಾಕೆ ಹಿಂಗಾಗ್ತದೆ? ಮಗಳಿಗೆ 19 ವರ್ಷ, ಹಿಮೋಗ್ಲೋಬಿನ್ ಕಮ್ಮಿ ಇದೆ. ಯಜಮಾನರಿಗೆ ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ. ಯಾರಿಗೆ ಯಾವುದು ಕೊಡಬೇಕು?

ಉತ್ತರ:

ನೋಡ್ರಿ ಅಕ್ಕಾ, ಅಂಗಡಿಯವ ಮೂರನ್ನೂ ಒಂದೇ ಕವರಿಗೆ ಹಾಕಿ ಕೊಡ್ತಾನೆ ಅಂದ ಮಾತ್ರಕ್ಕೆ ಮೂರೂ ಒಂದೇ ಜಾತಿ ಮಾಂಸ ಅಲ್ಲ. ಕೋಳಿ ಬದುಕಿದ್ದಾಗ ಯಾವ ಭಾಗ ಏನು ಕೆಲಸ ಮಾಡ್ತಿತ್ತು ಅನ್ನೋದರ ಮೇಲೆ ಅದು ಬಾಯಲ್ಲಿ ಹೆಂಗಿರ್ತದೆ, ಅದರಲ್ಲಿ ಏನೇನು ಸತ್ವ ಇರ್ತದೆ ಎರಡೂ ನಿಂತಿದೆ, ಹಂಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ಮೊದಲು ಪೋಟಾ. ಕೋಳಿಗೆ ಹಲ್ಲಿಲ್ಲ, ಕಾಳು ಹಂಗೇ ನುಂಗ್ತದೆ. ನುಂಗಿದ್ದು ಮೊದಲು ಕುತ್ತಿಗೆ ಬುಡದ ಚೀಲದಲ್ಲಿ ಸ್ವಲ್ಪ ನೆನೆದು, ಆಮೇಲೆ ಒಂದು ಸಣ್ಣ ಹೊಟ್ಟೆಗೆ ಹೋಗಿ ಅಲ್ಲಿ ಆಸಿಡ್ ಸೇರಿಸಿಕೊಂಡು ಈ ಪೋಟಾಕ್ಕೆ ಬರ್ತದೆ. ಇಲ್ಲಿ ಅದು ನಿಜವಾಗ್ಲೂ ಅರೆಯಲ್ಪಡ್ತದೆ, ನಮ್ಮ ಮನೆ ಬೀಸೋಕಲ್ಲಿನ ಥರ, ಅದಕ್ಕೇ ಹೊರಗೆ ಮೇಯೋ ಕೋಳಿ ಸಣ್ಣ ಹರಳುಕಲ್ಲು ಆರಿಸಿ ನುಂಗೋದು. ಅಂದ್ರೆ ಇದು ಎರಡನೇ ಹೊಟ್ಟೆ, ಗೋಡೆ ಪೂರ್ತಿ ದಪ್ಪ ಸ್ನಾಯು. ಒಂದು ಪೋಟಾ ಕೈಯಲ್ಲಿ ಹಿಡಿದು ನೋಡಿ, ಕಡುಗೆಂಪು ಬಣ್ಣದ ಎರಡು ದಪ್ಪ ಗಡ್ಡೆ, ಮೇಲೆ ನೀಲಿ-ಬಿಳಿ ಹೊಳೆಯೋ ಪೊರೆ. ಆ ಬಿಳಿ ಹೊಳಪೇ ಕೊಲಾಜೆನ್, ಅಂದ್ರೆ ನಾರು, ಪೊರೆ ಇವೆಲ್ಲ ಯಾವುದರಿಂದ ಆಗಿರ್ತದೋ ಆ ಗಟ್ಟಿ ಪ್ರೋಟೀನು. ದಿನವಿಡೀ ಅರೆಯೋ ಸ್ನಾಯು ಹರಿದು ಹೋಗಬಾರದಲ್ಲ, ಅದಕ್ಕೆ ಒಳಗೂ ಹೊರಗೂ ಕೊಲಾಜೆನ್ ಹೆಣೆದುಕೊಂಡಿರ್ತದೆ. ಫಾರಂ ಕೋಳಿಗೆ ಮೊದಲೇ ಪುಡಿ ಮಾಡಿದ ಫೀಡ್ ಹಾಕ್ತಾರೆ, ಪೋಟಾಕ್ಕೆ ಹೆಚ್ಚು ಕೆಲಸ ಇರಲ್ಲ, ಹಂಗಾಗಿ ಅದರದು ಸಣ್ಣದು, ಮೆತ್ತಗೆ. ಗಾವರಾನ್ ಅಂದ್ರೆ ಜವಾರಿ ಕೋಳಿದು ತಂದ್ರೆ ಅದರ ಗಟ್ಟಿತನವೇ ಬೇರೆ, ಬೇಯೋ ಟೈಮೂ ಬೇರೆ.

ದಿಲ್ ಅಂದ್ರೆ ಹೃದಯ. ಕೋಳಿ ಹೃದಯ ನಿಮಿಷಕ್ಕೆ 250ಕ್ಕಿಂತ ಹೆಚ್ಚು ಸಲ ಬಡೀತದೆ, ಮೊಟ್ಟೆಯೊಳಗೆ ಶುರುವಾದದ್ದು ಸಾಯೋವರೆಗೂ ನಿಲ್ಲಲ್ಲ. ಹಂಗೆ ಬಡೀಬೇಕಂದ್ರೆ ಆಕ್ಸಿಜನ್ ಬೇಕು, ಆಕ್ಸಿಜನ್ ಹಿಡಿದಿಟ್ಟುಕೊಳ್ಳೋಕೆ ಕಬ್ಬಿಣ ಇರೋ ಕೆಂಪು ಪ್ರೋಟೀನ್ ಬೇಕು, ಶಕ್ತಿ ಉತ್ಪಾದನೆಗೆ ಬಿ ವಿಟಮಿನ್‌ಗಳು ಬೇಕು, ಎಲ್ಲಾ ಇದರಲ್ಲಿ ತುಂಬಿರ್ತದೆ. ಆದ್ರೆ ಎಳೆಗಳು ಬಹಳ ಸಣ್ಣ, ಒತ್ತಾಗಿ ಕೂತಿರ್ತವೆ, ಪೋಟಾದ ಥರ ದಪ್ಪ ಪೊರೆ ಇಲ್ಲ. ಹಂಗಾಗಿ ದಿಲ್‌ನಲ್ಲಿ ಕರಗಿಸಬೇಕಾದ್ದು ಹೆಚ್ಚೇನಿಲ್ಲ, ಬೇಗ ಬೇಯ್ತದೆ. ಬೇಗ ಇಳಿಸದಿದ್ರೆ ನೀರೆಲ್ಲ ಹಿಂಡಿಕೊಂಡು ಹೋಗಿ ಒಣಗ್ತದೆ.

ಗರ್ದನ್ ಗೊತ್ತೇ ಇದೆ, ಕುತ್ತಿಗೆ. ಇದು ಒಳಗಿನ ಅಂಗ ಅಲ್ಲ, ಕಾಲು-ತೊಡೆ ಥರದ್ದೇ ಸಾಮಾನ್ಯ ಮಾಂಸ, ಆದ್ರೆ ಸಣ್ಣಸಣ್ಣ ಪಟ್ಟಿಗಳಾಗಿ ಮೂಳೆಗೆ ಸುತ್ತಿಕೊಂಡಿರ್ತದೆ. ಕೋಳಿ ಕುತ್ತಿಗೆಯಲ್ಲಿ 14 ಮಣಿಮೂಳೆ ಇವೆ, ನಮ್ಮ ಕುತ್ತಿಗೆಯಲ್ಲಿ 7 ಮಾತ್ರ. ಒಂದೊಂದು ಕೀಲಿನ ಹತ್ರಾನೂ ನಾರು, ಮೆದುಮೂಳೆ. ಅದಕ್ಕೇ ಗರ್ದನ್ ಕುದಿಸಿದ ರಸ ಆರಿದ ಮೇಲೆ ಜೆಲ್ಲಿ ಥರ ಗಟ್ಟಿಯಾಗೋದು. ತಿನ್ನೋಕೆ ಮಾಂಸ ಕಮ್ಮಿ, ಆದ್ರೆ ಸಾರಿಗೆ ಇಷ್ಟು ರುಚಿ ಕೊಡೋ ಭಾಗ ಕೋಳಿಯಲ್ಲಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಈಗ ನಿಮ್ಮ ಕುಕ್ಕರ್‌ನಲ್ಲಿ ಏನಾಯ್ತು ಅಂತ ನೋಡೋಣ. ನಾಲ್ಕು ಸೀಟಿ ಅಂದ್ರೆ ದೊಡ್ಡ ಉರಿಯಲ್ಲಿ ಹತ್ತು-ಹನ್ನೆರಡು ನಿಮಿಷದ ಕೆಲಸ. ಮಾಂಸ ಬಿಸಿಯಾದಾಗ ಎರಡು ಸಂಗತಿ ಆಗ್ತವೆ, ಮತ್ತು ಅವೆರಡೂ ಒಂದೇ ಟೈಮಿಗೆ ಆಗಲ್ಲ ಅನ್ನೋದೇ ಇಲ್ಲಿ ಮುಖ್ಯ. ಮೊದಲು ಸ್ನಾಯು ಕುಗ್ಗಿ ನೀರು ಬಿಡ್ತದೆ, ಇದು ಕೆಲವೇ ನಿಮಿಷದಲ್ಲಿ ಆಗಿಬಿಡ್ತದೆ, ಆಗ ಮಾಂಸ ಗಟ್ಟಿ ಆಗ್ತದೆ. ಕೊಲಾಜೆನ್ ಕರಗಿ ಜೆಲಾಟಿನ್ ಆಗೋದು ಆಮೇಲೆ, ಬಹಳ ನಿಧಾನಕ್ಕೆ, ಅದಕ್ಕೆ ಬಿಸಿ ಜೊತೆ ಟೈಮೂ ಬೇಕು. ದಿಲ್‌ಗೆ ಮೊದಲ ಹಂತದಲ್ಲೇ ಇಳಿಸಿಬಿಡಬೇಕಿತ್ತು, ಅದು ಹತ್ತು ನಿಮಿಷ ಪ್ರೆಶರ್‌ನಲ್ಲಿ ಕೂತು ಒಣಗ್ತು. ಪೋಟಾ ಮೊದಲ ಹಂತ ಪೂರ್ತಿ ಮುಗಿಸಿ ಎರಡನೇದು ಶುರುವಾಗೋ ಹೊತ್ತಿಗೆ ನೀವು ಗ್ಯಾಸ್ ಬಂದ್ ಮಾಡಿದ್ರಿ, ಹಂಗಾಗಿ ಅದು ತನ್ನ ಅತೀ ಗಟ್ಟಿ ಸ್ಥಿತಿಯಲ್ಲಿ ನಿಂತುಬಿಡ್ತು. ಬಹಳ ಜನ ಇಲ್ಲೇ ತಪ್ಪು ತಿಳ್ಕೊಳ್ತಾರೆ, ರಬ್ಬರ್ ಆಯ್ತು ಅಂದ್ರೆ ಹೆಚ್ಚು ಬೆಂದುಹೋಯ್ತು ಅಂದ್ಕೊಂಡು ಮುಂದಿನ ಸಲ ಇನ್ನೂ ಕಮ್ಮಿ ಬೇಯಿಸ್ತಾರೆ, ಅದು ಇನ್ನೂ ಕೆಡ್ತದೆ. ಪೋಟಾ ರಬ್ಬರ್ ಆಗಿದ್ರೆ ಅದು ಕಮ್ಮಿ ಬೆಂದಿದೆ ಅಂತಲೇ ಅರ್ಥ. ಗರ್ದನ್‌ನಲ್ಲಿ ಮಾಂಸದ ಪಟ್ಟಿ ತೆಳ್ಳಗೆ, ಕೋಳಿನೂ ಎಳೇದು, ಹಂಗಾಗಿ ಹತ್ತು-ಹನ್ನೆರಡು ನಿಮಿಷ ಅದಕ್ಕೆ ಸರಿಹೋಯ್ತು.

ಹಂಗಾದ್ರೆ ಅದೇ ಅರ್ಧ ಕೆಜಿ ಹೆಂಗೆ ಮಾಡೋದು? ನಿಮ್ಮ ಮಿಕ್ಸ್‌ನಲ್ಲಿ ಸುಮಾರು 300 ಗ್ರಾಂ ಪೋಟಾ, 100 ಗ್ರಾಂ ದಿಲ್ (ಫಾರಂ ಕೋಳಿದಾದ್ರೆ ಹತ್ತು-ಹನ್ನೆರಡು ದಿಲ್ ಬರ್ತವೆ), ಉಳಿದ 100 ಗ್ರಾಂ ಗರ್ದನ್ ತುಂಡು ಅಂತ ಇಟ್ಕೊಳ್ಳೋಣ. ಮನೆಗೆ ಬಂದ ತಕ್ಷಣ ಮೂರೂ ಬೇರೆಬೇರೆ ಬಟ್ಟಲಿಗೆ ಹಾಕಿ.

ಪೋಟಾ ಒಳಗೆ ಹಳದಿ ಬಣ್ಣದ, ಚರ್ಮದಂಥ ಒಂದು ಪದರ ಇರ್ತದೆ, ಅರೆಯುವಾಗ ಗೋಡೆಗೆ ಏಟಾಗದೆ ಇರಲಿ ಅಂತ ಅದು. ಅಂಗಡಿಯವರು ತೆಗೆದೇ ಕೊಡ್ತಾರೆ ಆದ್ರೆ ಗಡಿಬಿಡಿಯಲ್ಲಿ ಅಂಚಿಗೆ, ಮಡಿಕೆ ಒಳಗೆ ಚೂರು ಉಳಿದಿರ್ತದೆ. ಒಂದೊಂದೂ ಬಿಡಿಸಿ ಬೆಳಕಿಗೆ ಹಿಡಿದು ನೋಡಿ, ಹಳದಿ ಅಥವಾ ಹಸಿರು ಛಾಯೆ ಕಂಡ್ರೆ ಉಗುರಿನಿಂದ ಅಂಚು ಎಬ್ಬಿಸಿ ಎಳೀರಿ, ಸಿಪ್ಪೆ ಥರ ಬರ್ತದೆ. ಇದು ಎಷ್ಟು ಬೇಯಿಸಿದ್ರೂ ಮೆತ್ತಗಾಗಲ್ಲ, ಪಿತ್ತದ ಬಣ್ಣ ಹತ್ತಿರೋದ್ರಿಂದ ಕಹಿ ಬೇರೆ. ಪೋಟಾ ತಿಂದಾಗ ಕಹಿ ಆಯ್ತು ಅನ್ನೋರ ಮನೆಯಲ್ಲಿ ಸಾಮಾನ್ಯವಾಗಿ ಈ ಚೂರೇ ಕಾರಣ. ಆಮೇಲೆ ಕಲ್ಲುಪ್ಪು ಹಾಕಿ ಉಜ್ಜಿ ಪಾತ್ರೆ ನೀರಲ್ಲೇ ಎರಡು ಸಲ ಜಾಲಿಸಿ, ಜೋರು ನಲ್ಲಿ ಕೆಳಗೆ ಬೇಡ, ನೀರು ಸಿಡಿದು ಕಟ್ಟೆ ತುಂಬಾ ಕ್ರಿಮಿ ಹರಡ್ತದೆ. ಹೊರಗಿನ ಬಿಳಿ ಪೊರೆ ತೆಗೀಬೇಕಾ ಅಂದ್ರೆ, ನಿಧಾನಕ್ಕೆ ಬೇಯಿಸೋದಾದ್ರೆ ಬೇಡ, ಅದು ಕರಗಿ ಗ್ರೇವಿಗೆ ಅಂಟು ಕೊಡ್ತದೆ. ಬೇಯಿಸದೆ ನೇರ ತವಾ ಮೇಲೆ ಫ್ರೈ ಮಾಡೋರು ಮಾತ್ರ ಚಾಕುವಿನಿಂದ ಪೊರೆ ಪೂರ್ತಿ ಕೆತ್ತಿ ಒಳಗಿನ ಕೆಂಪು ಗಡ್ಡೆ ತೆಳ್ಳಗೆ ಹೆಚ್ಚಿಕೊಳ್ಳಬೇಕು, ಆಗ ಬಹಳಷ್ಟು ಕಸಕ್ಕೆ ಹೋಗ್ತದೆ, ನನಗೆ ಅದು ದಂಡ ಅನ್ನಿಸ್ತದೆ.

ದಿಲ್ ಅನ್ನು ಉದ್ದಕ್ಕೆ ಒಂದು ಸೀಳು ಹಾಕಿ ತೆರೀರಿ. ಒಳಗೆ ಕಪ್ಪಗೆ ಹೆಪ್ಪುಗಟ್ಟಿದ ರಕ್ತ ಇರ್ತದೆ, ಅದನ್ನ ತೆಗೀಲಿಲ್ಲ ಅಂದ್ರೆ ಬಾಯಿಗೆ ಕಬ್ಬಿಣ ನೆಕ್ಕಿದ ಥರ ರುಚಿ ಬರ್ತದೆ. ಮೇಲ್ತುದಿಯಲ್ಲಿ ಬಿಳಿ ನಳಿಗೆ ಮತ್ತು ಕೊಬ್ಬಿನ ಟೋಪಿ ಇರ್ತದೆ, ಅದನ್ನೂ ಕತ್ತರಿಸಿ, ಯಜಮಾನರ ವಿಷಯಕ್ಕೆ ಅದು ಮುಖ್ಯ, ಆಮೇಲೆ ಹೇಳ್ತೀನಿ.

ಗರ್ದನ್ ಚರ್ಮ ತೆಗೆದೇ ಕೊಡಪ್ಪಾ ಅಂತ ಅಂಗಡಿಯವನಿಗೆ ಹೇಳಿ. ಪಕ್ಕದಲ್ಲಿ ಉಂಗುರ ಉಂಗುರದ ಗಟ್ಟಿ ನಳಿಗೆ ಉಳಿದಿದ್ರೆ ಅದು ಉಸಿರು ನಳಿಗೆ, ಎಳೆದು ತೆಗೀರಿ. ಇನ್ನೊಂದು ವಿಷಯ, ಕುತ್ತಿಗೆ ಎರಡೂ ಬದಿಗೆ ತಿಳಿಗುಲಾಬಿ-ಹಳದಿ ಬಣ್ಣದ ಸಣ್ಣ ಮೆತ್ತನೆ ಗಂಟುಗಳು ಸಾಲಾಗಿ ಕಾಣ್ತವೆ, ಇದನ್ನ ನೋಡಿ ಗಡ್ಡೆ ರೋಗ ಅಂತ ಹೆದರಿ ಇಡೀ ಗರ್ದನ್ ಎಸೆಯೋರು ಇದ್ದಾರೆ. ಅದು ಥೈಮಸ್ ಅನ್ನೋ ಗ್ರಂಥಿ, ಎಳೆ ಕೋಳಿಯಲ್ಲಿ ಇರಲೇಬೇಕಾದ್ದು. ಮನಸ್ಸಿಗೆ ಬರಲಿಲ್ಲ ಅಂದ್ರೆ ಕಿತ್ತು ಹಾಕಿ, ಮಾಂಸಕ್ಕೇನೂ ಆಗಿಲ್ಲ.

ಈಗ ಒಲೆ. ಪೋಟಾ ಎರಡು ಹೋಳು ಮಾಡಿ ಕುಕ್ಕರ್‌ಗೆ ಹಾಕಿ, ಶುಂಠಿ, ಅರಿಶಿನ, ಉಪ್ಪು, ಒಂದೂವರೆ ಕಪ್ ನೀರು. ಮೊದಲ ಸೀಟಿ ಬಂದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ 10 ನಿಮಿಷ ಬಿಡಿ, ಸೀಟಿ ಎಣಿಸೋದು ಬಿಟ್ಟು ಗಡಿಯಾರ ನೋಡಿ. ಪ್ರೆಶರ್ ತಾನೇ ಇಳಿದ ಮೇಲೆ ಮುಚ್ಚಳ ತೆಗೆದು ಗರ್ದನ್ ತುಂಡು ಸೇರಿಸಿ, ಮತ್ತೆ ಮುಚ್ಚಿ, ಪ್ರೆಶರ್ ಬಂದ ಮೇಲೆ ಸಣ್ಣ ಉರಿಯಲ್ಲಿ ಇನ್ನೊಂದು 10-12 ನಿಮಿಷ. ಪೋಟಾಕ್ಕೆ ಒಟ್ಟು 20 ನಿಮಿಷದ ಮೇಲಾಯ್ತು, ಗರ್ದನ್‌ಗೆ ಬೇಕಾದಷ್ಟಾಯ್ತು. ಗಾವರಾನ್ ಪೋಟಾ ಆದ್ರೆ ಮೊದಲ ಸುತ್ತು 20-25 ನಿಮಿಷ ಇಡಿ. ಕುಕ್ಕರ್ ಬೇಡ, ತೆರೆದ ಪಾತ್ರೆ ಅನ್ನೋದಾದ್ರೆ ಫಾರಂ ಪೋಟಾಕ್ಕೂ ಒಂದರಿಂದ ಒಂದೂವರೆ ತಾಸು ಬೇಕು. ಆಗಿದೆಯಾ ಅಂತ ನೋಡೋಕೆ ಒಂದು ಹೋಳು ತೆಗೆದು ಚಮಚದ ಅಂಚಿನಿಂದ ಒತ್ತಿ, ಚಮಚ ಜಾರಿದ್ರೆ ಇನ್ನೂ ಇಲ್ಲ, ಒತ್ತಿದಲ್ಲಿ ಇಳಿದ್ರೆ ಆಯ್ತು. ಬಾಯಿಗೆ ಹಾಕಿದಾಗ ಹಲ್ಲಿಗೆ ಕಿರ್ ಅಂತ ಶಬ್ದ ಬಂದ್ರೆ ಮತ್ತೆ ಐದು ನಿಮಿಷ ಇಡಿ. ಒಂದು ಮಾತು ನೆನಪಿರಲಿ, ಪೋಟಾ ಎಷ್ಟು ಬೆಂದ್ರೂ ಚಿಕನ್ ಪೀಸಿನ ಥರ ಎಳೆಎಳೆಯಾಗಿ ಬಿಡಿಸಿಕೊಳ್ಳಲ್ಲ, ಅದರ ಒಳ್ಳೆ ಸ್ಥಿತಿ ಅಂದ್ರೇನೇ ಕಚ್ಚಿದ್ರೆ ಗಟ್ಟಿಯಾಗಿದ್ದು ಸಲೀಸಾಗಿ ತುಂಡಾಗೋದು.

ಕುಕ್ಕರ್ ಒಲೆ ಮೇಲಿರುವಾಗಲೇ ಕಡಾಯಿಯಲ್ಲಿ ಎರಡು ಚಮಚ ಎಣ್ಣೆ ಚೆನ್ನಾಗಿ ಕಾಯಿಸಿ ದಿಲ್ ಹಾಕಿ, ಒಂದರ ಮೇಲೊಂದು ಬೀಳದ ಹಂಗೆ, ಇಲ್ಲಾಂದ್ರೆ ನೀರು ಬಿಟ್ಟು ಹುರಿಯೋ ಬದಲು ಕುದೀತವೆ. ಐದಾರು ನಿಮಿಷ ತಿರುವಿ ಹಾಕ್ತಾ ಹುರಿದು, ಅತೀ ದಪ್ಪ ಇರೋ ದಿಲ್ ಒಂದನ್ನ ಕೊಯ್ದು ನೋಡಿ, ನಡುವೆ ಹಸಿ ಹೊಳಪು, ಕೆಂಪು ರಸ ಎರಡೂ ಇರಬಾರದು. ಥರ್ಮಾಮೀಟರ್ ಇದ್ರೆ 74 ಡಿಗ್ರಿ ಸೆಲ್ಸಿಯಸ್. ತೆಗೆದು ಪಕ್ಕಕ್ಕಿಡಿ. ಅದೇ ಎಣ್ಣೆಯಲ್ಲಿ ಉಳ್ಳಾಗಡ್ಡಿ, ನೀವು ಬಳಸೋ ಖಾರ ಮಸಾಲೆ, ಪುಣೆಯಲ್ಲಿ ಸಿಗೋ ಕಾಂದಾ-ಲಸೂಣ ಮಸಾಲೆ ಹಾಕಿದ್ರೂ ಚೆನ್ನಾಗೇ ಬರ್ತದೆ, ಬಾಡಿಸಿ, ಕುಕ್ಕರ್‌ನಲ್ಲಿದ್ದ ಪೋಟಾ-ಗರ್ದನ್ ರಸದ ಸಮೇತ ಸುರಿದು ರಸ ಗಟ್ಟಿಯಾಗೋವರೆಗೆ ಕುದಿಸಿ. ಆ ರಸ ಚೆಲ್ಲಬೇಡಿ, ಕರಗಿದ ಜೆಲಾಟಿನ್ ಜೊತೆ ಬಿ ವಿಟಮಿನ್‌ಗಳಲ್ಲಿ ಒಂದು ಪಾಲು ಅದರಲ್ಲೇ ಇಳಿದಿರ್ತದೆ. ದಿಲ್ ಕಡೇ ಎರಡು ನಿಮಿಷಕ್ಕೆ ವಾಪಸ್ ಹಾಕಿ, ನಿಂಬೆಹಣ್ಣು ಹಿಂಡಿ. ಜೋಳದ ರೊಟ್ಟಿಯೋ ಭಾಕ್ರಿಯೋ, ನಿಮ್ಮಿಷ್ಟ.

ಇನ್ನು ಸತ್ವದ ವಿಷಯಕ್ಕೆ ಬರ್ತೀನಿ, ಇಲ್ಲಿ ಮೂರರ ನಡುವೆ ಅಂತರ ಜೋರಿದೆ. ಕೊಡೋ ಅಂಕಿಗಳೆಲ್ಲ ಸುಮಾರು, 100 ಗ್ರಾಂ ಹಸಿ ಮಾಂಸಕ್ಕೆ.

ಮಗಳಿಗೆ ಬೇಕಾದ್ದು ಕಬ್ಬಿಣ, ಅದರಲ್ಲಿ ದಿಲ್ ಮುಂದೆ, ಸುಮಾರು 6 ಮಿಲಿಗ್ರಾಂ. ಪೋಟಾದಲ್ಲಿ ಎರಡೂವರೆ, ಚರ್ಮ ತೆಗೆದ ಗರ್ದನ್ ಮಾಂಸದಲ್ಲಿ 2. ಬ್ರೆಸ್ಟ್ ಪೀಸಿನಲ್ಲಿ ಅರ್ಧ ಮಿಲಿಗ್ರಾಂ ಕೂಡ ಇರಲ್ಲ ನೋಡಿ, ಹಿಮೋಗ್ಲೋಬಿನ್ ಕಮ್ಮಿ ಇದೆ ಅಂತ ಬೋನ್‌ಲೆಸ್ ತಂದು ತಿನ್ನಿಸೋರು ಇದನ್ನ ಗಮನಿಸಬೇಕು. ಬಿ12 ಕೂಡ ದಿಲ್‌ನಲ್ಲಿ 7 ಮೈಕ್ರೋಗ್ರಾಂ ಹತ್ರ ಇದೆ, ಪೋಟಾದಲ್ಲಿ 1ರ ಸುತ್ತಮುತ್ತ. ನಿಮ್ಮ ಅರ್ಧ ಕೆಜಿ ಲೆಕ್ಕ ಹಾಕಿದ್ರೆ ದಿಲ್‌ನಿಂದ 6, ಪೋಟಾದಿಂದ ಏಳೂವರೆ, ಗರ್ದನ್‌ನಲ್ಲಿ ಮೂಳೆ ಕಳೆದು ಒಂದು, ಹೀಗೆ ಒಟ್ಟು ಹದಿನಾಲ್ಕು ಹದಿನೈದು ಮಿಲಿಗ್ರಾಂ ಕಬ್ಬಿಣ. ನಾಲ್ಕು ಜನಕ್ಕೆ ಸಮ ಹಂಚಿದ್ರೆ ತಟ್ಟೆಗೆ ಮೂರೂವರೆ. ಅದೇ ಮಗಳ ತಟ್ಟೆಗೆ ಆರೇಳು ದಿಲ್ ಹಾಕಿ ತನ್ನ ಪಾಲಿನ ಪೋಟಾನೂ ಕೊಟ್ರೆ ಐದೂವರೆ ಹತ್ರ ಹೋಗ್ತದೆ. ಐಸಿಎಂಆರ್‌ನವರು 2020ರಲ್ಲಿ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಅಂದಿದ್ದಾರೆ, ಅದರ ಮುಂದೆ ಐದೂವರೆ ಸಣ್ಣದು ಅನ್ನಿಸಬಹುದು, ಆದ್ರೆ ಆ 29 ನಮ್ಮ ಅನ್ನ-ರೊಟ್ಟಿ-ಬೇಳೆ-ಸೊಪ್ಪಿನ ಊಟದಲ್ಲಿ ಕಬ್ಬಿಣ ಬಹಳ ಕಮ್ಮಿ ಮೈಗೆ ಹತ್ತೋದು ಅಂತ ಇಟ್ಕೊಂಡು ಹಾಕಿದ ಲೆಕ್ಕ. ಮಾಂಸದ ಕಬ್ಬಿಣದ ಒಂದು ದೊಡ್ಡ ಪಾಲು ಅದಕ್ಕಿಂತ ಎಷ್ಟೋ ಚೆನ್ನಾಗಿ ಹತ್ತುತ್ತದೆ, ಜೊತೆಗೆ ತಿಂದ ಪಲ್ಯದ, ಬೇಳೆಯ ಕಬ್ಬಿಣ ಹೀರೋಕೂ ಸಹಾಯ ಮಾಡ್ತದೆ, ನಿಂಬೆರಸನೂ ಅದನ್ನೇ ಮಾಡೋದು. ಊಟ ಆದ ಕೂಡ್ಲೇ ಚಹಾ ಕುಡಿಯೋ ರೂಢಿ ಇದ್ರೆ ಒಂದೆರಡು ತಾಸು ಮುಂದಕ್ಕೆ ಹಾಕಿ, ಸೊಪ್ಪು-ಕಾಳಿನ ಕಬ್ಬಿಣನ ಚಹಾ ಕಟ್ಟಿಹಾಕ್ತದೆ. ವಾರಕ್ಕೆ ಒಂದೆರಡು ಸಲ ಸಾಕು. ಆದ್ರೆ ಡಾಕ್ಟ್ರು ಗುಳಿಗೆ ಕೊಟ್ಟಿದ್ರೆ ದಿಲ್ ತಿಂತಾಳಲ್ಲ ಅಂತ ಅದನ್ನ ನಿಲ್ಲಿಸಬಾರದು, ಮತ್ತು ಹಿಮೋಗ್ಲೋಬಿನ್ ಯಾಕೆ ಇಳಿದಿದೆ, ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗ್ತಿದೆಯಾ ಅಂತ ತೋರಿಸಿಕೊಳ್ಳಲೇಬೇಕು, ಆ ಕಾರಣಕ್ಕೆ ಊಟದಲ್ಲಿ ಮದ್ದಿಲ್ಲ.

ಕಲೇಜಿಯಲ್ಲಿ ಕಬ್ಬಿಣ ಇನ್ನೂ ಜಾಸ್ತಿ ಅಲ್ವಾ ಅಂತ ಕೇಳ್ತೀರಿ, ಹೌದು. ಆದ್ರೆ ಅದರಲ್ಲಿ ವಿಟಮಿನ್ ಎ ವಿಪರೀತ ಇರೋದ್ರಿಂದ ಬಸುರಿ ಹೆಂಗಸರಿಗೆ ಬೇಡ ಅಂತೀವಿ, ದಿಲ್ ಮತ್ತು ಪೋಟಾಕ್ಕೆ ಆ ತೊಂದರೆ ಇಲ್ಲ.

ಪ್ರೋಟೀನ್ ನೋಡಿದ್ರೆ ಪೋಟಾ ಮುಂದೆ, ಹಸಿದರಲ್ಲಿ 17-18 ಗ್ರಾಂ, ಕೊಬ್ಬು ಬರೀ 2 ಗ್ರಾಂ. ನೆಟ್‌ನಲ್ಲಿ 30 ಗ್ರಾಂ ಅಂತ ಓದಿದ್ರೆ ಅದು ಬೇಯಿಸಿದ ಪೋಟಾದ್ದು, ನಿಮ್ಮ 300 ಗ್ರಾಂ ಬೆಂದಾಗ ನೀರು ಬಿಟ್ಟು 170-180 ಗ್ರಾಂಗೆ ಇಳೀತದೆ, ಪ್ರೋಟೀನ್ ಹುಟ್ಟಿಕೊಂಡದ್ದಲ್ಲ, ಒತ್ತಾಯ್ತು ಅಷ್ಟೇ. ಇದರಲ್ಲಿ ಒಂದು ಪಾಲು ಕೊಲಾಜೆನ್, ಅದರಲ್ಲಿ ಟ್ರಿಪ್ಟೋಫಾನ್ ಅನ್ನೋ ಅಗತ್ಯದ ಅಮೈನೋ ಆಮ್ಲ ಇಲ್ಲ. ಪೋಟಾದಲ್ಲಿ ಸ್ನಾಯು ಸಾಕಷ್ಟಿರೋದ್ರಿಂದ ತೊಂದರೆ ಆಗಲ್ಲ, ಆದ್ರೆ ಬರೀ ಗರ್ದನ್ ಸೂಪು ಕುಡಿಸಿ ಪ್ರೋಟೀನ್ ಆಯ್ತು ಅಂದ್ಕೊಂಡ್ರೆ ಅದು ಆಗಲ್ಲ, ಸೂಪಿಗೆ ಇಳಿಯೋದು ಮುಖ್ಯವಾಗಿ ಆ ಜೆಲಾಟಿನ್ನೇ, ಮಾಂಸ ಬಿಡಿಸಿ ತಿಂದ್ರೇನೇ ಲೆಕ್ಕ.

ಯಜಮಾನರ ಕೊಲೆಸ್ಟ್ರಾಲ್ ವಿಷಯದಲ್ಲಿ ಪೋಟಾ ಸ್ವಲ್ಪ ಗೊಂದಲ ಮಾಡ್ತದೆ. ಕೊಬ್ಬು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಆದ್ರೆ ಕೊಲೆಸ್ಟ್ರಾಲ್ 240 ಮಿಲಿಗ್ರಾಂ. ದಿಲ್‌ನಲ್ಲಿ ಉಲ್ಟಾ, ಕೊಲೆಸ್ಟ್ರಾಲ್ 136, ಕೊಬ್ಬು 9 ಗ್ರಾಂ, ಅದರಲ್ಲಿ ಒಂದು ಪಾಲು ಆ ಮೇಲಿನ ಟೋಪಿಯಲ್ಲೇ ಇರೋದ್ರಿಂದ ಕತ್ತರಿಸಿ ಅಂದೆ. ಊಟದ ಕೊಲೆಸ್ಟ್ರಾಲ್‌ಗಿಂತ ಗಟ್ಟಿ ಕೊಬ್ಬೇ ಬಹಳ ಜನರಲ್ಲಿ ರಕ್ತದ ಕೊಲೆಸ್ಟ್ರಾಲ್ ಏರಿಸೋದು, ಹಂಗಾಗಿ ಮೂರರಲ್ಲಿ ನಾನು ಹೆಚ್ಚು ಹುಷಾರಾಗಿರಿ ಅನ್ನೋದು ಚರ್ಮ ಸಮೇತ ಇರೋ ಗರ್ದನ್‌ಗೆ: 100 ಗ್ರಾಂನಲ್ಲಿ 26 ಗ್ರಾಂ ಕೊಬ್ಬು. ಚರ್ಮ ತೆಗೆದ್ರೆ ಅದೇ ಗರ್ದನ್ 9ಕ್ಕೆ ಇಳೀತದೆ. ಅವರಿಗೆ ವಾರಕ್ಕೊಂದು ಸಲ ನಾಲ್ಕೈದು ಹೋಳು ಪೋಟಾ, ಚರ್ಮ ತೆಗೆದ ಗರ್ದನ್ ಒಂದು ತುಂಡು ಕೊಡಬಹುದು, ಡಾಕ್ಟ್ರು ಬೇರೆ ಪಥ್ಯ ಹೇಳಿದ್ರೆ ಅದೇ ಮುಂದೆ. ಯೂರಿಕ್ ಆಸಿಡ್ ಏರಿ ಹೆಬ್ಬೆರಳು ಬಾತು ಒದ್ದಾಡೋರು ಮನೆಯಲ್ಲಿದ್ರೆ ಅವರಿಗೆ ಪೋಟಾ ಮತ್ತು ದಿಲ್ ಎರಡೂ ಬೇಡ. ಮತ್ತೆ ಗರ್ದನ್ ಮಣಿಮೂಳೆಗೆ ಚೂಪಾದ ಕೊಕ್ಕೆ ಇರ್ತವೆ, ಸಣ್ಣ ಮಕ್ಕಳಿಗೆ, ಹಲ್ಲಿಲ್ಲದ ವಯಸ್ಸಾದವರಿಗೆ ನೀವೇ ಮಾಂಸ ಬಿಡಿಸಿ ಹಾಕಿ.

ಕೊಳ್ಳುವಾಗ ದಿಲ್ ಕಡೆ ಮೊದಲು ನೋಡಿ, ಮೂರರಲ್ಲಿ ಬೇಗ ಕೆಡೋದು ಅದೇ. ಒತ್ತಿದ್ರೆ ಬಿಗಿಯಾಗಿ ವಾಪಸ್ ಬರಬೇಕು, ಕಂದು ಬಣ್ಣಕ್ಕೆ ತಿರುಗಿ ಕೈಗೆ ಲೋಳೆ ಹತ್ತಿದ್ರೆ ಅವತ್ತು ಆ ಮಿಕ್ಸ್ ಬಿಟ್ಟು ಬನ್ನಿ. ತಂದದ್ದು ಫ್ರಿಜ್‌ನಲ್ಲಿ ಒಂದು ದಿನ, ಬಹಳ ಅಂದ್ರೆ ಎರಡು.